ಮೂರು ನಿಮಿಷದ ಮಾತು, ಅಡ್ಡ ಬಂದ ಟಗರು

ನಾನು ಎಸ್ಸೆಸ್ಸೆಲ್ಸಿ ಪಾಸಾಗುವುದು ಆಗದ ಹೋಗದ ಮಾತು ಎಂದವರು ನಮ್ಮ ದೊಡ್ಡಪ್ಪ ಕರಿಯಪ್ಪ. ಮನೆಯೊಳಗೆ ಹೇಳಿದ್ದರೆ ಮನೆಯೊಳಗೇ ಉಳಿಯುತ್ತಿತ್ತು. ಹಟ್ಟಿಯ ಮುಂದಿನ ಕಟ್ಟೆಯ ಮೇಲೆ ಕುಂತು, ಎಲೆ ಅಡಿಕೆ ಒಂದು ಕಡೆ ದವಡೆಗೆ ಒತ್ತಿಕೊಂಡು, ಬಂದು ಹೋಗುವವರ ಎದುರಿಗೆಲ್ಲ ಹೇಳಿದರು: "ಈ ಹುಡುಗಿ ಪಾಸಾಗೋದೂ ನಮ್ಮ ಟಗರು ಮರಿ ಹಾಕೋದೂ ಒಂದೇ ದಿನ ಕಣ್ರಪ್ಪ."

ಜನ ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ಏನು ಮಾಡೋದು. ಆಮೇಲೆ ಕೊಟ್ಟಿಗೆಗೆ ಹೋಗಿ ಆ ಟಗರಿನ ಕುತ್ತಿಗೆ ತಬ್ಬಿಕೊಂಡು ಅತ್ತೆ. ಟಗರಿನ ಹೆಸರು ಕೆಂಚ. ತಾಯಿ ಸತ್ತ ಮರಿಯಾಗಿದ್ದಾಗ ನಾನೇ ಬಟ್ಟೆಯ ಬತ್ತಿ ಅದ್ದಿ ಹಾಲು ಕುಡಿಸಿ ಬೆಳೆಸಿದ್ದೆ. ಅದು ನನ್ನನ್ನೇ ತಾಯಿ ಎಂದುಕೊಂಡು, ಕೋಡು ಸುರುಳಿ ಸುತ್ತಿದ ಮೇಲೂ ನನ್ನ ಹಿಂದೆಯೇ ಅಲೆಯುತ್ತಿತ್ತು. ಅವೊತ್ತು ನನ್ನ ಸೆರಗಿನ ತುದಿ ಮೇಯುತ್ತಾ ಸುಮ್ಮನೆ ನಿಂತಿತ್ತು. ನನ್ನ ಜೊತೆ ಅದರ ಮರ್ಯಾದೆಯೂ ಬೀದಿಪಾಲಾಗಿದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಈಗ ಇದೆಲ್ಲ ಯಾಕೆ ನೆನಪಾಯಿತೆಂದರೆ, ಮೊನ್ನೆ ನನ್ನ ತಮ್ಮನ ಮೊಮ್ಮಗಳು ಬಂದಿದ್ದಳು. ಹೊಳಲ್ಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಡಮ್ಮು. ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಒಂದು ವಿಡಿಯೋ ಮಾಡಿ ಕಳಿಸಬೇಕಂತೆ, ಸ್ಕ್ರಿಪ್ಟು ಬರೆದಿದ್ದಾಳೆ, ಕೇಳಿ ಅಂದಳು. ಕೇಳಿದೆ. ಸೋಲೇ ಗೆಲುವಿನ ಮೆಟ್ಟಿಲು, ಕನಸು ಕಾಣು, ಛಲ ಬಿಡಬೇಡ, ಹೆತ್ತವರ ಆಸೆ ಮಣ್ಣು ಮಾಡಬೇಡ. ಕೇಳುತ್ತಾ ಕೇಳುತ್ತಾ ಪರೀಕ್ಷೆ ಬರೆಯೋಕೆ ನಾನೇ ಹೋಗಬೇಕೇನೋ ಅನ್ನಿಸಿತು. "ತಡಿಯವ್ವಾ" ಅಂತ ಒಳಗೆ ಹೋಗಿ, ಕುಂಕುಮದ ಹಳೇ ಭರಣಿಯಲ್ಲಿ ಸುತ್ತಿಟ್ಟಿದ್ದ ಒಂದು ಗೇಣುದ್ದದ ಫಿಲ್ಮಿನ ತುಂಡು ತಂದು ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅಜ್ಜೀ, ಇದ್ರಾಗೆ ಕುರಿ ಐತಲ್ಲ."

"ಕುರಿ ಅಲ್ಲ, ಟಗರು" ಅಂದೆ. "ಅದೂ ನಮ್ಮ ಸ್ಕ್ರಿಪ್ಟಿನಾಗೆ ಇತ್ತು."

ಎಪ್ಪತ್ತರ ದಶಕದ ಮಾತು. ನಮ್ಮ ಹಟ್ಟಿ ಹೊಸದುರ್ಗ ತಾಲ್ಲೂಕು, ಶ್ರೀರಾಂಪುರದಿಂದ ನಡೆದರೆ ಒಂದು ತಾಸು, ಓಡಿದರೂ ಸುಮಾರು ಒಂದು ತಾಸೇ, ಯಾಕೆಂದರೆ ಮಧ್ಯೆ ಜಾಲಿಮುಳ್ಳು. ಅಪ್ಪ ವರ್ಷದ ಅರ್ಧ ಭಾಗ ಕುರಿಮಂದೆಯ ಹಿಂದೆ ಹಿರಿಯೂರಿನ ನಾಲೆ ಬಯಲಿನ ಕಡೆ ಇರುತ್ತಿದ್ದರು. ಮನೆಯ ಯಜಮಾನಿಕೆ ದೊಡ್ಡಪ್ಪನದು. ನಮ್ಮಲ್ಲಿ ಅಕ್ಷರ ಬಲ್ಲ ಮೊದಲ ಹೆಣ್ಣು ನಾನು. ಆಮೇಲೆ ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಬಿ.ಎ. ಮಾಡಿ, ಹಟ್ಟಿಗೆ ಮೊದಲ ಗ್ರಾಜುಯೇಟ್ ಆದೆ. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹೇಳಿಕೊಳ್ಳೋಕೆ ನನಗೆ ನಾಚಿಕೆ ಇಲ್ಲ. ಬೇರೆ ಯಾರೂ ಹೇಳೋಲ್ಲವಲ್ಲ.

ಆದರೆ ಆ ಬಿ.ಎ.ಗೆ ಮುಂಚೆ ಎಸ್ಸೆಸ್ಸೆಲ್ಸಿ ಅಂತ ಒಂದಿತ್ತು. ಅದರಲ್ಲಿ ಮೊದಲನೇ ಸಲ ನಾನು ಲೆಕ್ಕದಲ್ಲಿ ಡುಮ್ಕಿ ಹೊಡೆದೆ. ಪೇಪರಿನಲ್ಲಿ ನಂಬರು ಬರುವ ಕಾಲ. ಶ್ರೀರಾಂಪುರದ ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಒಂದೇ ಪೇಪರಿಗೆ ಹತ್ತು ತಲೆ. ನನ್ನ ಹಿಂದಿನ ನಂಬರು ಇತ್ತು, ಮುಂದಿನ ನಂಬರು ಇತ್ತು, ನಡುವೆ ನಾನಿರಲಿಲ್ಲ.

ಯಾಕೆ ಹೋಯಿತು ಎಂಬುದು ಯಾರಿಗೂ ತಿಳಿಯಲಿಲ್ಲ, ನನಗೆ ಗೊತ್ತಿತ್ತು. ಪರೀಕ್ಷೆಗೆ ಮುಂಚೆ ಶ್ರೀರಾಂಪುರದ ಸ್ಕೂಲಿನಲ್ಲಿ ಬೀಳ್ಕೊಡುಗೆ ಸಮಾರಂಭ. ನಮ್ಮ ತಿಪ್ಪೇಸ್ವಾಮಿ ಮೇಷ್ಟ್ರು ಭಾಷಣ ಮಾಡಿದರು. ಕನ್ನಡ ಮೇಷ್ಟ್ರು, ಒಳ್ಳೇ ಮನುಷ್ಯ, ಆದರೆ ಮೈಕು ಕಂಡರೆ ಮೈಮೇಲೆ ಬರುತ್ತಿತ್ತು. "ದುರ್ಗದ ಮಕ್ಕಳು ನೀವು. ಕಷ್ಟವನ್ನೇ ಮೊದಲು ಎದುರಿಸಿ. ಅತಿ ಕಠಿಣವಾದುದನ್ನು ಗೆದ್ದವನಿಗೆ ಉಳಿದುದೆಲ್ಲ ತಾನೇ ಶರಣಾಗುತ್ತದೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿ, ಬೂಂದಿ ತಿಂದು, ಮರೆತುಬಿಟ್ಟರು. ನಾನು ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೇ ನಡೆಸಬೇಕು ಎಂದುಕೊಂಡಿದ್ದ ಹುಡುಗಿ. ನಮ್ಮ ಮನೆಯಲ್ಲಿ ಹಿಂದೆ ಯಾರಾದರೂ ಪರೀಕ್ಷೆಗೆ ಕುಂತಿದ್ದರೆ ತಾನೇ "ಲೇ, ಭಾಷಣ ಬೇರೆ, ಪರೀಕ್ಷೆ ಬೇರೆ" ಅಂತ ಹೇಳೋಕೆ? ಲೆಕ್ಕದ ದಿನ ಪ್ರಶ್ನೆಪತ್ರಿಕೆ ಪೂರ್ತಿ ಓದಿ, ಎಲ್ಲಕ್ಕಿಂತ ಕಷ್ಟದ ಪ್ರಮೇಯ ಯಾವುದು ಅಂತ ಹುಡುಕಿ, ಅದರ ಮೇಲೆ ಬಿದ್ದೆ. ವೃತ್ತ ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಅದು ಶರಣಾಗಲಿಲ್ಲ. ನಾನು ತಲೆ ಎತ್ತುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಸಮಯ ಹೋಗಿತ್ತು. ಬರುವ ಲೆಕ್ಕಗಳೆಲ್ಲ ಬರೆಯಿಸಿಕೊಳ್ಳದೆ ಹಾಗೇ ಉಳಿದವು.

ದೊಡ್ಡಪ್ಪ ಕೊನೆಗೆ ಒಂದು ತೀರ್ಮಾನ ಕೊಟ್ಟರು. ಇನ್ನೊಂದು ಸಲ ಕಟ್ಟು. ಪಾಸಾದರೆ ದುರ್ಗದ ಕಾಲೇಜು. ಆಗದಿದ್ದರೆ ಪುಸ್ತಕ ಅಟ್ಟಕ್ಕೆ, ನೀನು ಮಂದೆಯ ಜೊತೆ ಅಡುಗೆ ಪಾತ್ರೆ ಹೊತ್ಕಂಡು ಹಿರಿಯೂರಿಗೆ. ಅದು ಅನ್ಯಾಯ ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ನಮ್ಮವ್ವ ಆ ಕೆಲಸ ಮಾಡಿಯೇ ನನ್ನನ್ನು ಸಾಕಿದಳು. ಆದರೆ ನನಗೆ ಅದು ಬೇಡವಾಗಿತ್ತು. ಬೇಡ ಅಂದರೆ ಬೇಡ.

ಮೇಷ್ಟ್ರು ದಯಮಾಡಿ ನನ್ನನ್ನು ಹತ್ತನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂರಲು ಬಿಟ್ಟರು. ಸಂಕ್ರಾಂತಿ ಆದಮೇಲೆ ಒಂದು ದಿನ ಸ್ಕೂಲಿಗೆ ಪ್ರಚಾರದ ವ್ಯಾನು ಬಂತು. ನಿಮಗೆ ಗೊತ್ತಿರಬಹುದು, ಊರೂರಿಗೆ ಬಂದು, ಎರಡು ಕಂಬಕ್ಕೆ ಬಿಳೀ ಪರದೆ ಕಟ್ಟಿ, ಗೊಬ್ಬರ ಹಾಕೋದು, ಸಿಡುಬಿನ ಲಸಿಕೆ, ಇಬ್ಬರೇ ಮಕ್ಕಳು, ಅಂತ ಸಿನಿಮಾ ತೋರಿಸುತ್ತಿದ್ದ ಜೀಪು. ಅದರಲ್ಲಿ ದುರ್ಗದ ಇನಾಯತ್ ಸಾಹೇಬರು ಅಂತ ಒಬ್ಬರು. ಮಿಷನ್ನು ಓಡಿಸೋರೂ ಅವರೇ, ಮೈಕು ಕಟ್ಟೋರೂ ಅವರೇ. ಅವರ ಹತ್ತಿರ ಒಂದು ಕೀಲಿ ಕೊಡುವ ಕ್ಯಾಮೆರಾ ಇತ್ತು, ಒಂದು ರೀಲು ಫಿಲ್ಮು ಉಳಿದಿತ್ತು. ಅವರ ಆಫೀಸಿನಲ್ಲಿ ಯಾರಿಗೋ ಒಂದು ಯೋಚನೆ ಬಂದಿತ್ತು: ಪಬ್ಲಿಕ್ ಪರೀಕ್ಷೆಗೆ ಮುಂಚೆ ಹಳ್ಳಿ ಮಕ್ಕಳಿಗೆ ಧೈರ್ಯ ಹೇಳುವ ಒಂದು ಚಿಕ್ಕ ಚಿತ್ರ ಮಾಡಿ, ಗೊಬ್ಬರದ ಸಿನಿಮಾಕ್ಕೆ ಮುಂಚೆ ತೋರಿಸಬೇಕು. ಚಿತ್ರ ಮೂಕಿ, ಮಾತು ಪರದೆಯ ಪಕ್ಕ ನಿಂತು ಮೈಕಿನಲ್ಲಿ ಓದಬೇಕು. ಈಗ ನನ್ನ ಮೊಮ್ಮಗಳು ವಿಡಿಯೋ ಅನ್ನುವುದೂ ಇದೇ. ಅವಳದು ಕಿಸೆಯಲ್ಲಿ ಹಿಡಿಸುತ್ತದೆ, ನಮ್ಮದಕ್ಕೆ ಜೀಪು ಬೇಕಿತ್ತು, ಅಷ್ಟೇ.

ಮಾತು ಬರೆಯುವ ಕೆಲಸ ಮೇಷ್ಟ್ರದು. ಓದೋಕೆ ನನ್ನನ್ನು ಕರೆದರು. ಕುರಿ ಕೂಗಿ ಕೂಗಿ ಬೆಳೆದ ಗಂಟಲು ನನ್ನದು, ಮೈಕಿಲ್ಲದೆ ಅರ್ಧ ಮೈಲಿ ಹೋಗುತ್ತಿತ್ತು. ಸ್ಟಾಫ್‌ರೂಮಿನಲ್ಲಿ ಇನಾಯತ್ ಸಾಹೇಬರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನಾನು ಓದತೊಡಗಿದೆ. ಪ್ರಿಯ ವಿದ್ಯಾರ್ಥಿ ಬಂಧುಗಳೇ, ನಾಡಿನ ಭಾವೀ ಶಿಲ್ಪಿಗಳೇ, ಅಂತ ಶುರುವಾಗಿ, ಇಡೀ ದೇಶ ನಿಮ್ಮನ್ನು ನೋಡುತ್ತಿದೆ ಅನ್ನುವಲ್ಲಿಗೆ ಸಾಹೇಬರು ಕೈ ಎತ್ತಿದರು.

"ಮೇಷ್ಟ್ರೇ, ಬರವಣಿಗೆ ಚೆನ್ನಾಗೈತೆ. ಆದ್ರೆ ಫಿಲ್ಮು ನೂರು ಅಡಿ. ಮೂರು ನಿಮಿಷಕ್ಕೂ ಒಂಚೂರು ಕಮ್ಮಿನೇ ಓಡ್ತದೆ. ನಿಮ್ಮ ಮಾತು ಇನ್ನೂ ಶಿಲ್ಪಿಗಳ ಹತ್ರಾನೇ ಐತೆ. ಫಿಲ್ಮು ಖಾಲಿ ಆದ್ಮೇಲೆ ಜನ ಬರೀ ಬಟ್ಟೆ ನೋಡ್ಕಂಡು ಕುಂತ್ಕಬೇಕಾ?"

ಮೇಷ್ಟ್ರಿಗೆ ಕೊಂಚ ಬೇಸರವಾಯಿತು. ಕೊನೆಯದನ್ನಾದರೂ ಓದಿಸೋಣ, ಅದೇ ಜೀವಾಳ, ಅಂತ ಕೊನೇ ಹಾಳೆ ಕೊಟ್ಟರು. ನೋಡಿದೆ. "ಕಷ್ಟವನ್ನೇ ಮೊದಲು ಎದುರಿಸಿ" ಅಂತಿತ್ತು. ಹೋದ ವರ್ಷದ್ದೇ ಹಾಳೆ. ಅಂಚಿನಲ್ಲಿ ಬೂಂದಿಯ ಎಣ್ಣೆ ಕಲೆ ಕೂಡ ಇತ್ತು.

ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಓದಮ್ಮಾ" ಅಂದರು ಮೇಷ್ಟ್ರು.

"ಇದನ್ನ ಓದಕಾಗಲ್ಲ ಸಾರ್."

"ಯಾಕೆ, ಅಕ್ಷರ ಕಾಣಲ್ವಾ?"

"ಕಾಣ್ತಾವೆ. ಹೋದ ವರ್ಷ ಇದನ್ನ ಕೇಳೇ ನಾನು ಫೇಲಾಗಿದ್ದು."

ಹಿಂದಿನದೆಲ್ಲ ಹೇಳಿಬಿಟ್ಟೆ. ಪ್ರಮೇಯ, ವೃತ್ತ, ಅಳಿಸಿದ್ದು. ಹೇಳಿ ಮುಗಿಸಿದ ಮೇಲೆ ಭಯವಾಯಿತು, ಇನ್ನು ಕೊನೇ ಬೆಂಚೂ ಹೋಯಿತು ಅಂತ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, "ಕುಂತ್ಕಾ ರಂಗಮ್ಮ" ಅಂದರು. ಸ್ಟಾಫ್‌ರೂಮಿನಲ್ಲಿ ನನಗೆ ಯಾರೂ ಅದುವರೆಗೆ ಕುರ್ಚಿ ತೋರಿಸಿರಲಿಲ್ಲ. "ಆವತ್ತು ನಾನು ಏನು ಹೇಳಿದ್ರೆ ನಿನಗೆ ಉಪಯೋಗ ಆಗ್ತಿತ್ತು? ಅದನ್ನ ಹೇಳು, ಬರೆಯಾಣ."

ನನಗೆ ಉಪದೇಶ ಕೇಳಿ ಅಭ್ಯಾಸವಿತ್ತೇ ಹೊರತು ಕೊಟ್ಟು ಅಭ್ಯಾಸವಿರಲಿಲ್ಲ. ಆಗ ಸಾಹೇಬರು ಒಂದು ಹಾಳೆ ತೆಗೆದು ಉದ್ದಕ್ಕೆ ನಡು ಮಡಚಿದರು. ಎಡಕ್ಕೆ ಕಣ್ಣಿಗೆ ಕಾಣೋದು, ಬಲಕ್ಕೆ ಕಿವಿಗೆ ಕೇಳೋದು. ಕಣ್ಣಿಗೆ ಕಂಡಿದ್ದನ್ನ ಬಾಯಲ್ಲಿ ಮತ್ತೆ ಹೇಳೋದು ಬೇಡ, ಅದು ದಂಡ. ಪುಸ್ತಕ ಆದರೆ ಹಿಂದಿನ ಹಾಳೆ ತಿರುವಬಹುದು, ಕೇಳೋರು ಹಿಂದಕ್ಕೆ ತಿರುವಕಾಗಲ್ಲ, ಅದಕ್ಕೇ ಒಂದು ಉಸಿರಿಗೆ ಒಂದೇ ವಿಷಯ. ಬಯಲಿನಲ್ಲಿ ಸ್ಪೀಕರಿನ ಮಾತು ಗುಡ್ಡಕ್ಕೆ ಬಡಿದು ವಾಪಸ್ ಬರ್ತದೆ, ಅದು ಬಂದು ಹೋಗೋಕೆ ಜಾಗ ಬಿಡಬೇಕು. ಮೊದಲನೇ ಮಾತಿನಲ್ಲಿ ಮುಖ್ಯವಾದದ್ದು ಏನೂ ಇಡಬಾರದು, ಆಗ ಎಲ್ಲ ಜಾಗಕ್ಕೆ ಜಗಳ ಆಡ್ತಿರ್ತಾರೆ. ಇಷ್ಟು ಹೇಳಿ ಬೀಡಿ ಸೇದಲು ಹೊರಗೆ ಹೋದರು. ಆಮೇಲೆ ನಾನು ಬಿ.ಎ.ಯಲ್ಲಿ ಅಲಂಕಾರ, ರಸ, ಧ್ವನಿ ಎಲ್ಲ ಓದಿದೆ. ಬರವಣಿಗೆಯ ಬಗ್ಗೆ ಅಷ್ಟು ಚಿಕ್ಕದಾಗಿ ಯಾರೂ ಹೇಳಲಿಲ್ಲ.

ಮೇಷ್ಟ್ರು ಪೆನ್ನು ಹಿಡಿದು ನನ್ನನ್ನೇ ಕೇಳುತ್ತಾ ಹೋದರು. ಹಿಂದಿನ ದಿನ ಏನು ಭಯ ಇತ್ತು? ಬಸ್ಸು ತಪ್ಪಿದರೆ ಅಂತ. ಸರಿ, ಎಡಕ್ಕೆ: ಬಸ್ಸು, ಅದರ ಹಿಂದೆ ಧೂಳು. ಬಲಕ್ಕೆ: "ಪರೀಕ್ಷೆ ದಿನ ಒಂದು ಬಸ್ಸು ಮುಂಚೆ ಹೊರಡ್ರಿ. ಹಾಲ್‌ಟಿಕೆಟ್ಟು ರಾತ್ರೀನೇ ತೆಗೆದಿಡ್ರಿ." ಒಳಗೆ ಕುಂತಾಗ? ಕೈ ನಡುಗಿತು. ಎಲ್ಲರಿಗೂ ನಡುಗುತ್ತೆ ಅಂತ ಗೊತ್ತಿರಲಿಲ್ಲ, ನನಗೊಬ್ಬಳಿಗೇ ಅಂದುಕೊಂಡೆ. ಎಡಕ್ಕೆ: ಪೆನ್ನು ಹಿಡಿದ ಕೈ. ಬಲಕ್ಕೆ: "ಕೈ ನಡುಗಿದರೆ ನಡುಗಲಿ. ಪಕ್ಕದವರದೂ ನಡುಗ್ತಿರ್ತದೆ. ಪ್ರಶ್ನೆಪತ್ರಿಕೆ ಪೂರ್ತಿ ಓದ್ರಿ. ಬರೋದನ್ನ ಮೊದಲು ಬರೀರಿ. ಬರದೇ ಇರೋದು ಎಲ್ಲೂ ಓಡಿ ಹೋಗಲ್ಲ, ಕೊನೆಗೆ ನೋಡಾಣ." ಪ್ರಶ್ನೆಯ ನಂಬರು ಸರಿಯಾಗಿ ಹಾಕೋದು, ಅಡಿಷನಲ್ ಶೀಟಿನ ದಾರ ಬಿಗಿಯಾಗಿ ಕಟ್ಟೋದು. ಇಂಥವೆಲ್ಲ ಓದಿದ ಮನೆಯ ಮಕ್ಕಳಿಗೆ ಕೂಸಾಗಿದ್ದಾಗ ಕುಡಿಸುವ ಉಗ್ಗಿನ ಜೊತೆಗೇ ಬರುತ್ತವೆ. ನಮಗೆ ಯಾರಾದರೂ ಹೇಳಬೇಕು.

ಒಂದು ಪೇಪರು ಕೆಟ್ಟರೆ? ನಾನು ಲೆಕ್ಕ ಕೆಟ್ಟಿತೆಂದು ಅಳುತ್ತಾ ಕುಂತು ಮಾರನೇ ದಿನದ ವಿಜ್ಞಾನವನ್ನೂ ಅರ್ಧ ಕೆಡಿಸಿಕೊಂಡಿದ್ದೆ. ಅದಕ್ಕೆ ಮೇಷ್ಟ್ರೇ ಒಂದು ಮಾತು ಬರೆದರು, ಇಂದಿಗೂ ನನಗೆ ಇಷ್ಟ: "ನಾಳೆಯ ಪೇಪರಿಗೆ ಇವತ್ತಿನದು ಗೊತ್ತಿರಲ್ಲ. ನೀವೂ ಅದಕ್ಕೆ ಹೇಳಬೇಡಿ." ಮನೆಯವರಿಗೆ ಒಂದು ಮಾತು ಬೇಕು ಅಂದೆ. "ಬಾಗಿಲಲ್ಲೇ ನಿಂತು ಹೆಂಗೆ ಬರೆದೆ ಅನ್ನಬೇಡ್ರಿ. ಉಂಡ್ಯಾ ಅನ್ನಿ."

ದುರ್ಗದ ಕೋಟೆ ಬಿಟ್ಟು ಬರೆದರೆ ಮೇಷ್ಟ್ರಿಗೆ ಸಮಾಧಾನವಿಲ್ಲ. ನಾನು ಬುದ್ಧಿ ಉಪಯೋಗಿಸಿ, ಕೋಟೆಗೆ ಬಂದೋರೂ ದೊಡ್ಡ ಬಾಗಿಲಿಗೆ ಗುದ್ದದೆ ಸಣ್ಣ ಕಿಂಡಿ ಹುಡುಕಿದರಲ್ಲಾ ಸಾರ್, ಸುಲಭದ ಕಡೆಯಿಂದ ಹೋಗ್ರಿ ಅನ್ನೋಕೆ ಅದನ್ನೇ ಹಾಕಾಣ ಅಂದೆ. ಮೇಷ್ಟ್ರು ನನ್ನನ್ನೇ ದಿಟ್ಟಿಸಿದರು. "ಆ ಕಿಂಡೀಲಿ ತೂರಿದೋರ ತಲೆ ಏನಾತು ಗೊತ್ತೈತೇನಮ್ಮಾ?" ಕೋಟೆಯನ್ನು ಅಲ್ಲಿಗೇ ಬಿಟ್ಟೆವು.

ಜಗಳ ಹತ್ತಿದ್ದು ಒಂದೇ ಒಂದು ಕಡೆ. ಫೇಲಾದರೆ ಏನು ಅಂತಲೂ ಹೇಳಬೇಕು ಅಂದೆ. ಮೇಷ್ಟ್ರು ಆಗಲ್ಲ ಅಂದರು. ಧೈರ್ಯ ಹೇಳೋ ಚಿತ್ರದಲ್ಲಿ ಫೇಲು ಅನ್ನೋದು ಅಪಶಕುನ. "ಓದಿದರೆ ಗೆಲುವು ಖಂಡಿತ" ಅಂತ ಮುಗಿಸೋಣ. ನಾನೂ ಓದಿದ್ದೆನಲ್ಲ ಸಾರ್ ಅಂದೆ. ಬೀಡಿ ಮುಗಿಸಿ ಬಂದ ಸಾಹೇಬರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ಹೇಳಿದರು: "ಮೇಷ್ಟ್ರೇ, ಮಾತಲ್ಲಿ ಹೇಳಿದ್ರೆ ಅಪಶಕುನ ಆಗ್ತದೆ. ತೋರಿಸಿಬಿಡಾಣ. ಈ ಹುಡುಗೀನ ತೋರಿಸಾಣ. ಫೇಲಾಗಿದ್ದಾಳೆ, ಚೆನ್ನಾಗೇ ಇದ್ದಾಳಲ್ಲ."

ಯೋಚನೆ ಮಾಡಿ. ಹಟ್ಟಿಯಲ್ಲಿ ಮಾತ್ರ ಗೊತ್ತಿದ್ದ ನನ್ನ ಡುಮ್ಕಿ ಇನ್ನು ಹಿರಿಯೂರು, ಹೊಳಲ್ಕೆರೆ, ಬಿ.ದುರ್ಗ, ಸಿರಿಗೆರೆ ಕಡೆಗೆಲ್ಲ ಪರದೆಯ ಮೇಲೆ ಮೆರವಣಿಗೆ ಹೋಗುತ್ತದೆ. ಮತ್ತೆ ಫೇಲಾದರೆ ಮಂದೆ ಎಲ್ಲಿ ಬೀಡು ಬಿಟ್ಟರೂ ಜನ ಗುರುತು ಹಿಡಿಯುತ್ತಾರೆ, ಸಿನಿಮಾದಾಗೆ ಬಂದಿದ್ದ ಹುಡುಗಿ ಅಂತ. ಮನೆಗೆ ಹೋಗಿ ಹೇಳಿದೆ. ದೊಡ್ಡಪ್ಪ ಎಲೆ ಉಗಿದು ಬಂದು ಕೇಳಿದರು: "ಪಾಸಾದೋರ್ದು ಫೋಟೋ ತೆಗೀತಾರೆ ಅಂತ ಕೇಳಿದ್ದೆ. ಫೇಲಾದೋರ್ದು ಸಿನಿಮಾನೇ ತೆಗೀತಾರೇನೇ?"

ನನಗೆ ಅದು ಕೇಳಿ ಯಾಕೋ ಧೈರ್ಯ ಬಂತು. ಒಪ್ಪಿಕೊಂಡೆ.

ಚಿತ್ರ ತೆಗೆದದ್ದು ಸ್ಕೂಲಿನ ಅಂಗಳದಲ್ಲಿ. ಆ ಫಿಲ್ಮಿಗೆ ಬೆಳಕು ಸಾಲದು, ಕೋಣೆಯೊಳಗೆ ಬರೀ ಕತ್ತಲೆ ಬರುತ್ತದೆ ಅಂತ ಬೆಂಚುಗಳನ್ನೆಲ್ಲ ಹೊರಕ್ಕೆ ಎಳೆಸಿ ಉರಿಬಿಸಿಲಿನಲ್ಲಿ ಪರೀಕ್ಷಾ ಕೋಣೆ ಮಾಡಿದರು. ಮೂರು ಕಡೆ ಬಯಲು, ಹಿಂದೊಂದು ಗೋಡೆ. ಕ್ಯಾಮೆರಾಕ್ಕೆ ಒಂದು ಸಲ ಕೀಲಿ ಕೊಟ್ಟರೆ ಅರ್ಧ ನಿಮಿಷವೂ ಓಡುತ್ತಿರಲಿಲ್ಲ. ಕರಕರ ಕೀಲಿ ತಿರುವೋದು, ಮೊಳದ ಲೆಕ್ಕದಲ್ಲಿ ದೂರ ಅಳೆಯೋದು, "ನನ್ನ ಕಡೆ ನೋಡಬಾರದು" ಅನ್ನೋದು, ಎಲ್ಲರೂ ಅವರ ಕಡೆಯೇ ನೋಡೋದು. ಒಂದೇ ರೀಲು, ಹಾಳಾದರೆ ಇನ್ನೊಂದಿಲ್ಲ. ಅದಕ್ಕೇ ತೋರಿಸುವ ಕ್ರಮದಲ್ಲೇ ತೆಗೆಯುತ್ತಾ ಬಂದರು, ಮೊದಲು ಬಸ್ಸು, ಆಮೇಲೆ ಕೈ, ಆಮೇಲೆ ಇಡೀ ಕೋಣೆ.

ಇಡೀ ಕೋಣೆ ತೆಗೆಯುವಾಗ ಬಂತು ಕೆಂಚ.

ಬೆಳಿಗ್ಗೆ ನಾನೇ ಕಟ್ಟಿ ಬಂದಿದ್ದೆ. ಹಗ್ಗ ಕಡಿದುಕೊಂಡು, ಜಾಲಿಮುಳ್ಳಿನ ದಾರಿಯನ್ನೆಲ್ಲ ನನ್ನ ವಾಸನೆ ಹಿಡಿದು ಬಂದು, ಎಡಗಡೆಯಿಂದ ಪರೀಕ್ಷಾ ಕೋಣೆಯೊಳಕ್ಕೆ ಕಾಲಿಟ್ಟಿತು. ಮಕ್ಕಳ್ಯಾರೂ ಅಲುಗಲಿಲ್ಲ, ಅಲುಗಬಾರದು ಅಂತ ಹೇಳಿದ್ದರಲ್ಲ. ಮುಂದಿನ ಬೆಂಚನ್ನು ಮೂಸಿ, ಮೇಲ್ವಿಚಾರಕರ ವೇಷದಲ್ಲಿದ್ದ ಮೇಷ್ಟ್ರನ್ನು ಒಂದು ಸಲ ನೋಡಿ, ಗಂಭೀರವಾಗಿ ಬಲಗಡೆಗೆ ದಾಟಿ ಹೋಯಿತು. ಕ್ಯಾಮೆರಾ ಕರಕರ ಓಡುತ್ತಲೇ ಇತ್ತು. ಕೀಲಿ ಮುಗಿದ ಮೇಲೆ ಮೇಷ್ಟ್ರು ತಲೆಗೆ ಕೈ ಹಚ್ಚಿಕೊಂಡು ಅಲ್ಲೇ ಕುಂತರು. ಸಾಹೇಬರು ಉಳಿದ ಫಿಲ್ಮಿನ ಗುರುತು ನೋಡಿ, ಇನ್ನೊಂದು ಸಲ ತೆಗೆದರೆ ನನ್ನದೊಂದು ಚಿತ್ರಕ್ಕೆ ಜಾಗ ಉಳಿಯಲ್ಲ ಅಂದರು. ಕತ್ತರಿಸಿದರೆ ಕೋಣೆಯೇ ಇರಲ್ಲ. ಹಾಳೆಯ ಎಡಗಡೆಯದು ಬದಲಾಯಿಸೋಕೆ ಆಗಲ್ಲ, ಬಲಗಡೆಯದು ಏನಾದರೂ ಮಾಡ್ರಿ.

ಬೆಂಚಿನ ಮೇಲೇ ಹಾಳೆ ಬಿಡಿಸಿಕೊಂಡು ಕುಂತೆವು. ಎಡಕ್ಕೆ ಮೇಷ್ಟ್ರು ಬೇಸರದಿಂದ "ಟಗರು" ಅಂತ ಬರೆದರು. ಬಲಗಡೆ ಖಾಲಿ. ಕೆಂಚ ನನ್ನ ಜಡೆ ಮೇಯುತ್ತಿತ್ತು. ಅದನ್ನು ತಳ್ಳುತ್ತಾ ನಾನು ಹೇಳಿದೆ, ಮೇಷ್ಟ್ರು ಬರೆದುಕೊಂಡರು: "ಪರೀಕ್ಷೆ ದಿನ ಏನೇನೋ ಅಡ್ಡ ಬರ್ತಾವೆ. ಬರಲಿ. ಅವು ಬಂದ ದಾರೀಲಿ ಹೋಗ್ತಾವೆ. ನೀವು ಬರೀತಿರ್ರಿ."

ಸಾಹೇಬರು ಗಡಿಯಾರ ಹಿಡಿದು ಓದಿಸಿದರು. ಟಗರು ಎಡದಿಂದ ಬಲಕ್ಕೆ ದಾಟುವಷ್ಟು ಹೊತ್ತಿಗೆ ಮಾತು ಸರಿಯಾಗಿ ಮುಗಿಯಿತು.

ಫಿಲ್ಮು ತೊಳೆಸಲು ಬೆಂಗಳೂರಿಗೆ ಹೋಗಿ, ಶಿವರಾತ್ರಿ ಹೊತ್ತಿಗೆ ವಾಪಸ್ ಬಂತು. ಕೋಣೆಯ ಚಿತ್ರದ ತುದಿಯಲ್ಲಿ ಹೆಚ್ಚಾದ ಒಂದು ಗೇಣನ್ನು ಸಾಹೇಬರು ಕತ್ತರಿಸಿ ನನಗೆ ಕೊಟ್ಟರು. ಆ ಟಗರಿನ ಬಾಲ ಮರೆಯಾಗುವ ತುಂಡು ಅದು. ಮೊದಲ ಪ್ರದರ್ಶನ ಶ್ರೀರಾಂಪುರದಲ್ಲಿ. ಹೊತ್ತು ಮುಳುಗಿ ಬಯಲೆಲ್ಲ ಜನ. ಕಂಬಳಿ ಹೊದ್ದು ಹಿಂದೆ ನಿಂತಿದ್ದ ದೊಡ್ಡಪ್ಪ ನನಗೆ ಕಂಡರು. ಕಂಡಿರದಿದ್ದರೆ ಚೆನ್ನಾಗಿತ್ತು.

ಬಸ್ಸು ಬಂತು, ಸೀಟಿ ಹೊಡೆದರು. ನಡುಗುವ ಕೈ ಬಂತು, ಮುಂದೆ ಕುಂತಿದ್ದ ಹೈಸ್ಕೂಲು ಮಕ್ಕಳು ತಮ್ಮ ತಮ್ಮ ಕೈ ನೋಡಿಕೊಂಡರು. ಅದನ್ನು ನಾನು ಕಣ್ಣಾರೆ ಕಂಡೆ. ಟಗರು ಬಂದಾಗ ಬಯಲೇ ನಕ್ಕಿತು. ನಗು ಇಳಿಯುವವರೆಗೆ ಕಾದು ಓದಬೇಕಾಗಿತ್ತು, ಹಾಳೆಯಲ್ಲಿ ಅದು ಬರೆದಿರಲಿಲ್ಲ, ಆದರೆ ನನಗೆ ತಿಳಿಯಿತು. ಕೊನೆಗೆ ಪರದೆಯ ತುಂಬ ನಾನು. ಬೆಂಚಿನ ಮೇಲೆ ಕುಂತು ಬರೆಯುತ್ತಿದ್ದೇನೆ, ಒಂದು ಸಲ ತಲೆ ಎತ್ತುತ್ತೇನೆ. ಹಾಳೆಯಲ್ಲಿ ಇದ್ದದ್ದು, "ಇವಳು ಹೋದ ವರ್ಷ ಲೆಕ್ಕದಲ್ಲಿ ಫೇಲಾದಳು" ಅಂತ. ಬಾಯಿಗೆ ಬಂದದ್ದು ಬೇರೆ.

"ಇವಳು ನಾನೇ. ಹೋದ ವರ್ಷ ಲೆಕ್ಕದಾಗೆ ಫೇಲಾದೆ. ಉಣ್ತೀನಿ, ನಗ್ತೀನಿ, ಮತ್ತೆ ಬರೀತೀನಿ. ಪಾಸಾಗ್ತೀನೋ ಇಲ್ಲೋ ಗೊತ್ತಿಲ್ಲ. ಬರೋದನ್ನ ಬರೆದು ಬರ್ತೀನಿ. ನೀವೂ ಅಷ್ಟೇ ಮಾಡ್ರಿ."

ಮಾತು ಗುಡ್ಡಕ್ಕೆ ಬಡಿದು ವಾಪಸ್ ಬಂತು. ಆಮೇಲೆ ಬರೀ ಬಿಳೀ ಬಟ್ಟೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಒಬ್ಬಳು ಹುಡುಗಿ ಮಾತ್ರ ಎದ್ದು ಬಂದು, ಅಕ್ಕಾ, ಅಡಿಷನಲ್ ಶೀಟಿನ ದಾರ ಅವರೇ ಕೊಡ್ತಾರಾ, ನಾವು ತಗಂಡು ಹೋಗ್ಬೇಕಾ, ಅಂತ ಕೇಳಿದಳು. ಮೇಷ್ಟ್ರು ಅದಕ್ಕಿಂತ ದೊಡ್ಡ ಚಪ್ಪಾಳೆ ಬೇಕಾ ಅನ್ನುವ ಹಾಗೆ ನನ್ನನ್ನು ನೋಡಿದರು. ಮನೆಗೆ ನಡೆಯುವಾಗ ದೊಡ್ಡಪ್ಪ ದಾರಿಯ ಜಾಲಿಮುಳ್ಳು ಕೋಲಿನಿಂದ ಸರಿಸುತ್ತಾ ಮುಂದೆ ಮುಂದೆ ಹೋದರು. ಹಟ್ಟಿ ಹತ್ತಿರ ಬಂದಾಗ, "ಟಗರು ಚೆನ್ನಾಗಿ ಬಂದೈತೆ" ಅಂದರು.

ಪರೀಕ್ಷೆ ಹೊಸದುರ್ಗದಲ್ಲಿ. ಲೆಕ್ಕದ ದಿನ ಒಂದು ಬಸ್ಸು ಮುಂಚೆ ಹೊರಟೆ. ಊರೂರಿಗೆ ಹೇಳಿದವಳು ನಾನೇ ತಡಮಾಡಿದರೆ ಹೇಗೆ? ಪ್ರಶ್ನೆಪತ್ರಿಕೆ ಬಿಡಿಸಿದರೆ ಮೊದಲನೆಯದೇ ಮುಖ ಪರಿಚಯವಿಲ್ಲದ ಲೆಕ್ಕ. ಅದೇ ಹೊತ್ತಿಗೆ ಆ ಲೆಕ್ಕ ಸುರುಳಿ ಕೋಡು ಹೊತ್ತು ಎಡದಿಂದ ಬಲಕ್ಕೆ ನಿಧಾನ ದಾಟಿ ಹೋಗುತ್ತಿರುವಂತೆ ಕಂಡು ನನಗೆ ನಗು ಬಂತು. ಮೇಲ್ವಿಚಾರಕರು ಕಣ್ಣು ಬಿಟ್ಟರು. ತಲೆ ತಗ್ಗಿಸಿ, ಬರುವ ಲೆಕ್ಕದಿಂದ ಶುರು ಮಾಡಿದೆ. ಪ್ರಮೇಯದ ಹತ್ತಿರ ಬಂದಾಗ ಕೊನೇ ಗಂಟೆಗೆ ಸ್ವಲ್ಪವೇ ಹೊತ್ತು ಉಳಿದಿತ್ತು. ವೃತ್ತ ಎಳೆದು, ದತ್ತ, ಸಾಧನೀಯ ಬರೆದು, ಅರ್ಧಕ್ಕೆ ಬಿಟ್ಟೆ. ಅರ್ಧಕ್ಕೂ ಮಾರ್ಕು ಇರುತ್ತದೆ ಅಂತ ಮೇಷ್ಟ್ರು ಹೇಳಿದ್ದರು. ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಉಂಡ್ಯಾ" ಅಂದಳು. ನಾನು ಉಂಡಿರಲಿಲ್ಲ.

ರಿಸಲ್ಟಿನ ದಿನ ಅದೇ ಹೋಟೆಲು, ಅದೇ ತಲೆಗಳು. ಹಿಂದಿನ ನಂಬರು ಇರಲಿಲ್ಲ, ಮುಂದಿನ ನಂಬರು ಇರಲಿಲ್ಲ, ನಡುವೆ ನಾನಿದ್ದೆ. ಸಂತೋಷ ಪಡೋಕೂ ಸಂಕಟವಾಯಿತು. ಆ ಇಬ್ಬರ ಊರಿಗೆ ಸಾಹೇಬರ ಜೀಪು ಬಂದಿತ್ತೋ ಇಲ್ಲವೋ, ಬಂದಿದ್ದರೆ ನನ್ನ ಮುಖ ನೆನಪಾಗಲಿ ಅಂದುಕೊಂಡೆ.

ಇಷ್ಟು ಕೇಳಿ ಮೊಮ್ಮಗಳು ತನ್ನ ಸ್ಕ್ರಿಪ್ಟಿನ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಹೊಸ ಹಾಳೆ ನಡು ಮಡಚಿ, ಮೊದಲು ತನ್ನ ಕ್ಲಾಸಿನಲ್ಲಿ ಹೋದ ವರ್ಷ ಫೇಲಾದವಳನ್ನು ಕೇಳಿ ಬರ್ತೀನಿ ಅಂದಳು. ನನಗೆ ಇನ್ನೇನು ಬೇಕು.

ಆ ವರ್ಷ ನನ್ನ ಸರ್ಟಿಫಿಕೇಟು ಬಂದ ದಿನ ದೊಡ್ಡಪ್ಪ ನನ್ನ ಜೊತೆ ಸ್ಕೂಲಿಗೆ ಬಂದರು. ಯಾರೂ ಕರೆದಿರಲಿಲ್ಲ. ಹೊಸ ರುಮಾಲು ಸುತ್ತಿದ್ದರು. ಹಿಂದೆ ಕೆಂಚ. ಹೆಡ್‌ಮೇಷ್ಟ್ರು ರುಜು ಹಾಕಿಸಿಕೊಂಡು ಹಾಳೆ ಕೊಡುವಾಗ ತಿಪ್ಪೇಸ್ವಾಮಿ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು, ಒಂದು ಮಾತೂ ಭಾಷಣ ಮಾಡಲಿಲ್ಲ. ನಾನು ಅದನ್ನು ನೆಟ್ಟಗೆ ತಂದು ದೊಡ್ಡಪ್ಪನ ಕೈಗಿಟ್ಟೆ. ಅವರು ಕಂಬಳಿಗೆ ಕೈ ಒರೆಸಿಕೊಂಡು ಇಸಕೊಂಡರು. ನಿನ್ನ ಹೆಸರು ಎಲ್ಲೈತೆ ಅಂದರು, ಬೆರಳಿಟ್ಟು ತೋರಿಸಿದೆ. ನಿಮ್ಮಪ್ಪನ ಹೆಸರು ಎಲ್ಲೈತೆ ಅಂದರು, ಅದನ್ನೂ ತೋರಿಸಿದೆ. ಎರಡರ ಮೇಲೂ ಹೆಬ್ಬೆರಳು ಆಡಿಸಿ, ಹಾಳೆಯನ್ನು ನನಗೆ ವಾಪಸ್ ಕೊಟ್ಟು, ಮೂಗು ಒರೆಸಿಕೊಂಡು, ಅಂಗಳದಲ್ಲಿ ಬೇಲಿ ಸೊಪ್ಪು ಮೇಯುತ್ತಿದ್ದ ಕೆಂಚನ ಕಡೆ ತಿರುಗಿದರು.

"ತಡಿಯೇ ರಂಗೀ" ಅಂದರು, "ದುರ್ಗದ ಕಾಲೇಜಿಗೆ ಹೋಗಾಣಂತೆ. ಮೊದಲು ಆ ಟಗರಿನ ಹೊಟ್ಟೆ ಒಂದ್ಸಲ ಮುಟ್ಟಿ ನೋಡ್ಕಂಡ್ ಬರ್ತೀನಿ."